ನಮ್ಮ ಮುಖ್ಯ ಸ್ಟೈಲಿಸ್ಟ್ ಹೆರಿಗೆ ರಜೆಗೆ ಹೋಗುತ್ತಾಳೆ, ಅಪಾಯಿಂಟ್‌ಮೆಂಟ್ ಪುಸ್ತಕ ಹೇಗೆ ನಿಭಾಯಿಸಲಿ?

ಬಾಚಣಿಗೆ_ದಾವಣಗೆರೆ
ಆಗಸ್ಟ್ 14

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ವಿದ್ಯಾನಗರದಲ್ಲಿ ಲೇಡೀಸ್ ಸಲೂನ್ ನಡೆಸುತ್ತಿದ್ದೇನೆ. ಆರು ವರ್ಷ ಆಯಿತು. ಕೆಲಸಕ್ಕೆ ಏಳು ಜನ ಇದ್ದಾರೆ. ಅವರಲ್ಲಿ ಒಬ್ಬಳು ಅಂಗಡಿ ಶುರುವಾದ ದಿನದಿಂದ ಜೊತೆಗಿದ್ದಾಳೆ. ಹೇರ್ ಕಟ್, ಕಲರ್, ಮದುಮಗಳ ಜಡೆ, ಮೂರರಲ್ಲೂ ಅವಳ ಕೈ ಚೆನ್ನ. ಮೊನ್ನೆ ಸಂಜೆ ಅಂಗಡಿ ಬಾಗಿಲು ಹಾಕುವಾಗ ಹತ್ತಿರ ಬಂದು, "ಅಕ್ಕಾ, ನಾಲ್ಕನೇ ತಿಂಗಳು" ಅಂದಳು. ಮದುವೆಯಾಗಿ ಐದು ವರ್ಷಕ್ಕೆ ಮೊದಲನೇ ಮಗು. ನನಗೆ ಕಣ್ಣು ತುಂಬಿ ಬಂತು.

ಡಾಕ್ಟರ್ ಫೆಬ್ರವರಿ 10ರ ತಾರೀಕು ಕೊಟ್ಟಿದ್ದಾರೆ. ಅವಳನ್ನು ಕಳೆದುಕೊಳ್ಳಲು ನನಗೆ ಇಷ್ಟವಿಲ್ಲ. ಅವಳಿಗೂ ವಾಪಸ್ ಬರುವ ಆಸೆ ಇದೆ. ಈಗ ತೊಂದರೆ ಪುಸ್ತಕದ್ದು. ನಿನ್ನೆ ರಾತ್ರಿ ಕೂತು ಫೆಬ್ರವರಿಯಿಂದ ಈಚೆಗಿನ ಪುಟಗಳನ್ನೆಲ್ಲ ತಿರುವಿದೆ. ಅವಳ ಹೆಸರು ಹೇಳಿಯೇ ಬರುವವರು ಸುಮಾರು 130 ಜನ. ಅದರಲ್ಲಿ 45 ಜನ ನಾಲ್ಕರಿಂದ ಆರು ವಾರಕ್ಕೊಮ್ಮೆ ಬೇರಿನ ಬಿಳಿ ಕೂದಲಿಗೆ ಬಣ್ಣ ಹಾಕಿಸಿಕೊಳ್ಳುವವರು. ನವೆಂಬರ್ ಕೊನೆಗೆ ನಾಲ್ಕು ಮದುಮಗಳು ಬುಕ್ ಆಗಿದ್ದಾರೆ. ಮಾರ್ಚ್, ಏಪ್ರಿಲ್‌ಗೆ ಇನ್ನೂ ಮೂವರು ಅವಳೇ ಬೇಕು ಅಂತ ಅಡ್ವಾನ್ಸ್ ಕೊಟ್ಟಿದ್ದಾರೆ.

ಎಷ್ಟು ರಜೆ ಕೊಡಬೇಕು, ಅಷ್ಟರವರೆಗೆ ಶಿಫ್ಟ್ ಹೇಗೆ ಮಾಡಬೇಕು, ಈ ಗಿರಾಕಿಗಳನ್ನು ಯಾರಿಗೆ ಹೇಗೆ ಒಪ್ಪಿಸಬೇಕು? ಇದನ್ನೆಲ್ಲ ಮಾಡಿ ನೋಡಿದವರು ದಯವಿಟ್ಟು ಹೇಳಿ.

ಹಳೇಪೇಟೆ_ಹುಡುಗ
ಆಗಸ್ಟ್ 14

ಅಕ್ಕಾ, ನನ್ನದು ಜೆಂಟ್ಸ್ ಸಲೂನ್. ಆದರೂ ಒಂದು ಮಾತು. ಗಿರಾಕಿಗಳಿಗೆ ಈಗಲೇ ಹೇಳಬೇಡಿ. ಹೇಳಿದರೆ ಇವತ್ತಿಂದಲೇ ಬೇರೆ ಕಡೆ ನೋಡುತ್ತಾರೆ. ಅವಳು ರಜೆಗೆ ಹೋದ ಮೇಲೆ "ಇವತ್ತು ಬಂದಿಲ್ಲ" ಅಂದು ಇನ್ನೊಬ್ಬರ ಹತ್ತಿರ ಕೂರಿಸಿ. ಆರು ತಿಂಗಳಿಗೆ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಒಬ್ಬರನ್ನು ಕರೆಸಿ, ರೂಮ್ ಮಾಡಿಕೊಡಿ.

ರಜೆ ಸಂಬಳದ ಚಿಂತೆ ಬೇಡ. ಹತ್ತು ಜನಕ್ಕಿಂತ ಕಡಿಮೆ ಇದ್ದರೆ ಹೆರಿಗೆ ರಜೆ ಕಾನೂನು ನಮಗೆ ಬರಲ್ಲ. ಮೊದಲ ಮಗುವಿಗೆ ಅಂಗನವಾಡಿ ಮೂಲಕ ಸರ್ಕಾರದ 5,000 ಬರುತ್ತೆ. ನೀವು ಪ್ರೀತಿಯಿಂದ ಏನೋ ಒಂದಿಷ್ಟು ಕೊಟ್ಟರೆ ಆಯಿತು.

ಕತ್ತರಿ_ದುರ್ಗ
ಆಗಸ್ಟ್ 14

ಚಿತ್ರದುರ್ಗದಿಂದ. ಈ ಕೆಲಸದಲ್ಲಿ 18 ವರ್ಷ. ನನ್ನ ಅಂಗಡಿಯಲ್ಲಿ ಮೂವರು ಹೆರಿಗೆಗೆ ಹೋಗಿ, ಇಬ್ಬರು ವಾಪಸ್ ಬಂದಿದ್ದಾರೆ. ಬರದೇ ಹೋದವಳ ವಿಷಯದಲ್ಲಿ ತಪ್ಪು ನನ್ನದೇ.

ತಮ್ಮಾ, "ಇವತ್ತು ಬಂದಿಲ್ಲ" ಅನ್ನುವುದು ಒಂದು ಸಲ ನಡೆಯುತ್ತೆ. ಎರಡನೇ ಸಲವೂ ಅದೇ ಮಾತು ಕೇಳಿದರೆ ಆ ಗಿರಾಕಿ ಮೂರನೇ ಸಲ ಫೋನ್ ಮಾಡುವುದಿಲ್ಲ. ಹೊರಗಿನಿಂದ ಕರೆಸಿದವರ ಕಥೆಯೂ ಅಷ್ಟೇ. ಕೆಲಸ ಚೆನ್ನಾಗಿಯೇ ಮಾಡುತ್ತಾರೆ, ಆದರೆ ಆರು ತಿಂಗಳಿಗೆ ನಿಮ್ಮ ಗಿರಾಕಿಗಳ ನಂಬರ್ ಅವರ ಫೋನಿನಲ್ಲಿ ಇರುತ್ತೆ. ಕೈ ಒಪ್ಪಿಸುವುದು ಅಂಗಡಿಯ ಒಳಗಿನವರಿಗೇ ಆಗಬೇಕು.

ಬಾಚಣಿಗೆ ಅಮ್ಮ, ನೀವು ಹೆರಿಗೆ ತಾರೀಕು ಹೇಳಿದಿರಿ. ಪುಸ್ತಕಕ್ಕೆ ಬೇಕಾದ ತಾರೀಕು ಅದಲ್ಲ. ಅವಳು ಕೊನೆಯ ದಿನ ಕುರ್ಚಿ ಹಿಂದೆ ನಿಲ್ಲುವುದು ಯಾವತ್ತು? ಕುಬಸ ಯಾವಾಗ? ಕುಬಸ ಆದ ಕೂಡಲೇ ತವರಿಗೆ ಹೋಗುತ್ತಾಳಾ? ಇದು ಮೊದಲು ಗೊತ್ತಾಗಲಿ. ಉಳಿದದ್ದನ್ನು ಅಲ್ಲಿಂದ ಹಿಂದಕ್ಕೆ ಎಣಿಸೋಣ.

ಬೆಣ್ಣೆದೋಸೆ_ಪ್ರಿಯೆ
ಆಗಸ್ಟ್ 14

ನಾನೂ ಐದು ತಿಂಗಳ ಗರ್ಭಿಣಿ. ಕಲರ್ ಹಾಕಿಸಿಕೊಳ್ಳಬಹುದಾ ಅಂತ ನನಗೂ ಇದೇ ಗೊಂದಲ. ನಮ್ಮ ಅತ್ತೆ ಬೇಡವೇ ಬೇಡ ಅನ್ನುತ್ತಾರೆ. ಯಾರಾದರೂ ಹೇಳಿ ಪ್ಲೀಸ್.

ಕತ್ತರಿ_ದುರ್ಗ
ಆಗಸ್ಟ್ 14

ತಂಗೀ, ಇಲ್ಲಿ ಮಾತಾಡುತ್ತಿರುವುದು ಕಲರ್ ಹಾಕುವವಳ ಬಗ್ಗೆ. ನಿಮ್ಮ ಪ್ರಶ್ನೆಯನ್ನು ನಿಮ್ಮನ್ನು ನೋಡುವ ಡಾಕ್ಟರಿಗೇ ಕೇಳಿ.

ಆದರೆ ನೀವು ಕೇಳಿದ್ದರಿಂದ ಒಂದು ವಿಷಯ ನೆನಪಾಯಿತು. ಬಾಚಣಿಗೆ ಅಮ್ಮ, ಕೆರಟಿನ್, ಸ್ಮೂದನಿಂಗ್ ಕೆಲಸಗಳನ್ನು ಅವಳ ಕೈಯಿಂದ ಇವತ್ತೇ ತೆಗೆಯಿರಿ. ಆ ಕ್ರೀಮ್‌ಗಳಲ್ಲಿ ಎಷ್ಟೋ ಐರನ್ ಬಿಸಿಗೆ ಫಾರ್ಮಾಲ್ಡಿಹೈಡ್ ಬಿಡುತ್ತವೆ. ಕಣ್ಣು ಉರಿಯುವ ಹೊಗೆ ಬರುತ್ತಲ್ಲ, ಅದೇ. ಡಬ್ಬಿ ಮೇಲೆ ಏನೇ ಬರೆದಿರಲಿ, ಆ ಕೆಲಸ ಬೇರೆಯವರು ಮಾಡಲಿ. ಅದೂ ಅವಳ ಕುರ್ಚಿಯಿಂದ ದೂರ, ಕಿಟಕಿ ಪಕ್ಕದಲ್ಲಿ. ಕಲರ್ ಕಲಸುವಾಗಲೂ ಗ್ಲೌಸ್ ಹಾಕಲಿ, ಫ್ಯಾನ್ ಗಾಳಿ ಹೊರಗೆ ಹೋಗುವ ಹಾಗೆ ಇರಲಿ.

ಲೆಕ್ಕದ_ಪುಸ್ತಕ
ಆಗಸ್ಟ್ 15

ದಾವಣಗೆರೆಯಲ್ಲೇ ಅಂಗಡಿ, ಹೋಟೆಲ್‌ಗಳ ಸಂಬಳ ಮತ್ತು ಲೇಬರ್ ರಿಟರ್ನ್ಸ್ ನೋಡಿಕೊಳ್ಳುತ್ತೇನೆ. ಹಳೇಪೇಟೆಯವರು ಹೇಳಿದ್ದು ಅರ್ಧ ಸರಿ. ಅಂಗಡಿಗಳಿಗೆ ಹತ್ತು ಜನ ಅನ್ನುವ ಮಿತಿ ನಿಜ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೂ ಹಾಗೇ ಇತ್ತು, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಹಾಗೇ ಇದೆ. ಆದರೆ ಇವತ್ತು ಎಷ್ಟು ಜನ ಇದ್ದಾರೆ ಅಂತ ಮಾತ್ರ ಎಣಿಸುವುದಲ್ಲ. ಹಿಂದಿನ ಹನ್ನೆರಡು ತಿಂಗಳಲ್ಲಿ ಯಾವುದೇ ಒಂದು ದಿನ ಹತ್ತು ಜನ ಕೆಲಸ ಮಾಡಿದ್ದರೂ ಸಾಕು.

ಅದಕ್ಕೇ ಒಂದು ಪ್ರಶ್ನೆ ಮೇಡಂ. ಏಪ್ರಿಲ್, ಮೇ ಮದುವೆ ಸೀಸನ್‌ನಲ್ಲಿ ಎಕ್ಸ್‌ಟ್ರಾ ಹುಡುಗಿಯರನ್ನು ಇಟ್ಟುಕೊಂಡಿದ್ದಿರಾ?

5,000 ಬರುವುದು ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ. ಅದು ಸಂಬಳದ ಬದಲಿಗೆ ಕೊಡುವ ಹಣ ಅಲ್ಲ. ಕಾನೂನಿನ ಪ್ರಕಾರ ಹೆರಿಗೆ ರಜೆಯ ಸಂಬಳ ಪಡೆಯುವವರಿಗೆ ಅದು ಸಿಗುವುದೂ ಇಲ್ಲ. ಹಾಗಾಗಿ "ಅದು ಬರುತ್ತೆ, ನಾನು ಕೊಡೋದು ಬೇಡ" ಅನ್ನುವ ಲೆಕ್ಕ ನಿಲ್ಲುವುದಿಲ್ಲ.

ಬಾಚಣಿಗೆ_ದಾವಣಗೆರೆ
ಆಗಸ್ಟ್ 15

ಇಟ್ಟುಕೊಂಡಿದ್ದೆ ಸರ್. ಮೇ ತಿಂಗಳಲ್ಲಿ ಹದಿನೈದು ದಿನ ಮೂರು ಜನ. ಸೀರೆ ಉಡಿಸುವುದಕ್ಕೆ ಇಬ್ಬರು, ಹೂವು ಹೆಣೆಯುವುದಕ್ಕೆ ಒಬ್ಬಳು. ದಿನಗೂಲಿ ಕೊಟ್ಟೆ. ಏಳು ಮತ್ತು ಮೂರು ಹತ್ತು ಆಯಿತಲ್ಲ! ಇದು ನನಗೆ ಹೊಳೆದೇ ಇರಲಿಲ್ಲ.

ಕತ್ತರಿ ಅಕ್ಕ, ಅವಳ ಹತ್ತಿರ ಮಾತಾಡಿದೆ. ಅವಳಿಗೆ ಡಿಸೆಂಬರ್ ಮಧ್ಯದವರೆಗೆ ಬರುವ ಮನಸ್ಸು. ನವೆಂಬರ್‌ನಲ್ಲಿ ಏಳನೇ ತಿಂಗಳು ಬಿದ್ದ ಮೇಲೆ ಕುಬಸ. ಅತ್ತೆ ಮಾತ್ರ, ಕುಬಸ ಮುಗಿದ ಮೇಲೆ ಸೀದಾ ಹೊಸದುರ್ಗಕ್ಕೆ, ತವರಿಗೆ ಹೋಗಬೇಕು ಅನ್ನುತ್ತಿದ್ದಾರಂತೆ. ಇನ್ನೂ ತೀರ್ಮಾನ ಆಗಿಲ್ಲ. ಇನ್ನೊಂದು ಮಾತು ಹೇಳಿದಳು. ಕುಬಸ ಆಗುವವರೆಗೆ ಗಿರಾಕಿಗಳಿಗೆ ವಿಷಯ ಗೊತ್ತಾಗಬಾರದು. ಐದು ವರ್ಷ ಕಾದ ಮಗು, ದೃಷ್ಟಿ ಆಗುತ್ತೆ ಅನ್ನುವ ಭಯ. ನಾನು ಆಗಲಿ ಅಂದೆ.

ಲೆಕ್ಕದ_ಪುಸ್ತಕ
ಆಗಸ್ಟ್ 15

ಹಾಗಾದರೆ ಕಾನೂನು ನಿಮಗೆ ಅನ್ವಯಿಸುತ್ತದೆ ಅಂತಲೇ ಇಟ್ಟುಕೊಂಡು ಹೊರಡಿ. ದಿನಗೂಲಿಯವರನ್ನು ಸೇರಿಸಬೇಕೋ ಬೇಡವೋ ಅಂತ ಕೆಲವರು ವಾದ ಮಾಡುತ್ತಾರೆ. ನನ್ನ ಪ್ರಕಾರ ನಿಮ್ಮ ಅಂಗಡಿಯಲ್ಲಿ, ನೀವು ಹೇಳಿದ ಕೆಲಸವನ್ನು, ನಿಮ್ಮ ಕೂಲಿಗೆ ಮಾಡಿದವರು ಲೆಕ್ಕಕ್ಕೆ ಬರುತ್ತಾರೆ. ಬೇಕಿದ್ದರೆ ಕಾರ್ಮಿಕ ಇಲಾಖೆ ಕಚೇರಿಯಲ್ಲಿ ಒಮ್ಮೆ ಕೇಳಿ.

ಮೊದಲ ಮಗು, ಆದ್ದರಿಂದ 26 ವಾರ. ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದು. ಫೆಬ್ರವರಿ 10ರಿಂದ ಎಂಟು ವಾರ ಹಿಂದಕ್ಕೆ ಹೋದರೆ ಡಿಸೆಂಬರ್ 16. ಅಲ್ಲಿಂದ 182 ದಿನ ಎಣಿಸಿದರೆ ಜೂನ್ 15ಕ್ಕೆ ರಜೆ ಮುಗಿಯುತ್ತದೆ.

ಸಂಬಳದ ಲೆಕ್ಕದಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಫಿಕ್ಸೆಡ್ ಸಂಬಳ ಮಾತ್ರ ಹಿಡಿಯುತ್ತಾರೆ. ರಜೆಗೆ ಹೋಗುವ ಮುಂಚಿನ ಮೂರು ತಿಂಗಳಲ್ಲಿ ಅವಳು ಕೆಲಸ ಮಾಡಿದ ದಿನಗಳ ಸರಾಸರಿ ದಿನದ ಸಂಬಳ ಹಿಡಿಯಬೇಕು. ತಿಂಗಳು ತಿಂಗಳು ಕೊಡುವ ಇನ್ಸೆಂಟಿವ್ ಕೂಡ ಅದರಲ್ಲಿ ಸೇರಿಸಿ ಹಿಡಿಯುವುದು ಒಳ್ಳೆಯದು. ಅವಳದು ಎಷ್ಟು ಬರುತ್ತದೆ?

ಬಾಚಣಿಗೆ_ದಾವಣಗೆರೆ
ಆಗಸ್ಟ್ 16

ಫಿಕ್ಸೆಡ್ 15,000. ಇನ್ಸೆಂಟಿವ್ ಏಳು ಸಾವಿರದ ಆಚೀಚೆ. ಕಳೆದ ಮೂರು ತಿಂಗಳು ಕೂಡಿಸಿದೆ. 78 ದಿನ ಕೆಲಸ, ಒಟ್ಟು 66,300.

ಲೆಕ್ಕದ_ಪುಸ್ತಕ
ಆಗಸ್ಟ್ 16

ದಿನಕ್ಕೆ 850 ಆಯಿತು. ವಾರಕ್ಕೆ ಏಳು ದಿನ, ವಾರದ ರಜೆಯೂ ಸೇರಿ. ಹೆರಿಗೆ ಮುಂಚಿನ 56 ದಿನಕ್ಕೆ 47,600. ಆಮೇಲಿನ 126 ದಿನಕ್ಕೆ 1,07,100. ಒಟ್ಟು 1,54,700.

ಕೊಡುವ ರೀತಿ ಗಮನಿಸಿ. ತಿಂಗಳು ತಿಂಗಳು ಸಂಬಳದ ಹಾಗೆ ಅಲ್ಲ. ಗರ್ಭಿಣಿ ಅನ್ನುವ ದಾಖಲೆ ಕೊಟ್ಟಾಗ ಮೊದಲ ಭಾಗ ಮುಂಗಡವಾಗಿ. ಹೆರಿಗೆ ಆದ ದಾಖಲೆ ಕೊಟ್ಟ 48 ಗಂಟೆಯೊಳಗೆ ಉಳಿದದ್ದು ಪೂರ್ತಿ. ಫೆಬ್ರವರಿ ಮಧ್ಯದಲ್ಲಿ ನಿಮ್ಮ ಕೈಯಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ನಗದು ಇರಬೇಕು. ಈಗಿನಿಂದ ಆರು ತಿಂಗಳು, ತಿಂಗಳಿಗೆ ಇಷ್ಟು ಅಂತ ಬೇರೆ ಖಾತೆಗೆ ಹಾಕುತ್ತಾ ಬನ್ನಿ.

ಇನ್ನೊಂದು. ಶಿಫ್ಟ್ ಕಡಿಮೆ ಮಾಡುವುದು ಒಳ್ಳೆಯದೇ. ಆದರೆ ಅಕ್ಟೋಬರ್‌ನಿಂದ ಗಿರಾಕಿಗಳನ್ನು ಬೇರೆಯವರಿಗೆ ಕೊಡುತ್ತಾ ಹೋದರೆ ಅವಳ ಇನ್ಸೆಂಟಿವ್ ಇಳಿಯುತ್ತದೆ. ಆ ಮೂರು ತಿಂಗಳ ಸರಾಸರಿಯೇ ರಜೆಯ ಸಂಬಳ. ಅಂದರೆ ನಿಮಗೆ ಅನುಕೂಲ ಮಾಡಿಕೊಡಲು ಹೋಗಿ ಅವಳು ಆರು ತಿಂಗಳು ಕಡಿಮೆ ದುಡ್ಡು ತೆಗೆದುಕೊಳ್ಳುವ ಹಾಗಾಗುತ್ತದೆ. ಇವತ್ತಿನ 850ನ್ನೇ ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಕಾನೂನಿನ ಲೆಕ್ಕಕ್ಕಿಂತ ಜಾಸ್ತಿ ಕೊಡುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಹಳೇಪೇಟೆ_ಹುಡುಗ
ಆಗಸ್ಟ್ 16

ಒಂದೂವರೆ ಲಕ್ಷ! ಸಣ್ಣ ಅಂಗಡಿಯವರು ಎಲ್ಲಿಂದ ತರಬೇಕು ಸರ್? ಹೀಗಾದರೆ ಮದುವೆಯಾದ ಹುಡುಗಿಯರನ್ನು ಕೆಲಸಕ್ಕೇ ತೆಗೆದುಕೊಳ್ಳಲ್ಲ ಜನ.

ಬಾಚಣಿಗೆ_ದಾವಣಗೆರೆ
ಆಗಸ್ಟ್ 16

ತಮ್ಮಾ, ನನಗೂ ಎದೆ ಧಸಕ್ ಅಂತು. ಆದರೆ ಅವಳ ಕುರ್ಚಿಯಿಂದ ಅಂಗಡಿಗೆ ಏನು ಬರುತ್ತೆ ಅಂತ ನಾನು ದಿನಾ ನೋಡುತ್ತೇನೆ. ಲಾಕ್‌ಡೌನ್ ಮುಗಿದು ಬಾಗಿಲು ತೆಗೆದಾಗ ಎರಡು ತಿಂಗಳು ಅರ್ಧ ಸಂಬಳಕ್ಕೆ ಬಂದವಳು ಅವಳು. ಕೊಡುತ್ತೇನೆ. ಮೇ ತಿಂಗಳ ಎಕ್ಸ್‌ಟ್ರಾ ಹುಡುಗಿಯರ ಲೆಕ್ಕ ತೆಗೆದು ವಾದ ಮಾಡುವುದಿಲ್ಲ.

ನಿಟ್ಟುವಳ್ಳಿ_ಅಮ್ಮ
ಆಗಸ್ಟ್ 16

ನಾನು ಸ್ಟೈಲಿಸ್ಟ್ ಆಗಿದ್ದವಳು. ಈಗ ಮನೆಯಲ್ಲೇ ಸಣ್ಣದಾಗಿ ಮಾಡುತ್ತೇನೆ. ನನ್ನ ಕಥೆ ಹೇಳುತ್ತೇನೆ, ಮಾಲಕಿಯರು ಕೇಳಬೇಕು.

ಮೊದಲ ಮಗುವಿಗೆ ನಾಲ್ಕು ತಿಂಗಳು ರಜೆ ಕೊಟ್ಟಿದ್ದರು. ಅದರ ಬಗ್ಗೆ ದೂರಿಲ್ಲ. ವಾಪಸ್ ಬಂದ ದಿನ ಪುಸ್ತಕ ತೆಗೆದರೆ ನನ್ನ ಹೆಸರಿನ ಕಾಲಮ್ ಇರಲಿಲ್ಲ. ಇನ್ನೊಬ್ಬಳ ಹೆಸರು ಬರೆದಿತ್ತು. ನನ್ನ ಗಿರಾಕಿಗಳೆಲ್ಲ ಅವಳ ಹತ್ತಿರ. ನನಗೆ ಥ್ರೆಡ್ಡಿಂಗ್, ವ್ಯಾಕ್ಸಿಂಗ್. ಸಂಬಳದಲ್ಲಿ ಅರ್ಧ ಇನ್ಸೆಂಟಿವ್ ಆಗಿದ್ದರಿಂದ ಕೈಗೆ ಬಂದದ್ದು ಅಷ್ಟಕ್ಕಷ್ಟೇ. ಹಾಲು ಕಟ್ಟಿಕೊಂಡು ಎದೆ ಕಲ್ಲಾಗುತ್ತಿತ್ತು, ಹಾಲು ತೆಗೆಯಲು ಸ್ಟೋರ್ ರೂಮಿನಲ್ಲಿ ಟವೆಲ್ ಮೂಟೆ ಮೇಲೆ ಕೂರುತ್ತಿದ್ದೆ. ಎರಡು ತಿಂಗಳಿಗೆ ಬಿಟ್ಟೆ. ಯಾರೂ ನನ್ನನ್ನು ಹೋಗು ಅನ್ನಲಿಲ್ಲ. ಇರುವುದಕ್ಕೆ ಜಾಗ ಇರಲಿಲ್ಲ, ಅಷ್ಟೇ.

ನೀವು ಕಳಿಸುವ ಬಗ್ಗೆ ಇಷ್ಟು ಯೋಚಿಸುತ್ತಿದ್ದೀರಿ. ವಾಪಸ್ ಬರುವ ಮೊದಲ ತಿಂಗಳ ಪುಟವನ್ನೂ ಈಗಲೇ ಬರೆಯಿರಿ.

ಕತ್ತರಿ_ದುರ್ಗ
ಆಗಸ್ಟ್ 17

ನಿಟ್ಟುವಳ್ಳಿಯವರೇ, ನನ್ನ ಅಂಗಡಿಯಿಂದ ಬರದೇ ಹೋದವಳ ಕಥೆಯೂ ಹೆಚ್ಚುಕಡಿಮೆ ಇದೇ. ನಾನೂ ಆಗ ಹೀಗೇ ಮಾಡಿದ್ದೆ. ಅವಳು ವಾಪಸ್ ಬರುವ ಪುಟಕ್ಕೆ ಆಮೇಲೆ ಬರುತ್ತೇನೆ. ಮೊದಲು ಕೈ ಒಪ್ಪಿಸುವ ವಿಷಯ.

ಬಾಚಣಿಗೆ ಅಮ್ಮ, ಅತ್ತೆ ಒಪ್ಪುತ್ತಾರೋ ಇಲ್ಲವೋ ಅಂತ ಕಾಯಬೇಡಿ. ಎರಡು ತಾರೀಕಿನಲ್ಲಿ ಮುಂಚೆ ಬರುವುದನ್ನೇ ಹಿಡಿಯಿರಿ. ನವೆಂಬರ್ 15ಕ್ಕೇ ಅವಳು ಹೋಗುತ್ತಾಳೆ ಅಂದುಕೊಳ್ಳಿ. ಡಿಸೆಂಬರ್ ಮಧ್ಯದವರೆಗೆ ಇದ್ದರೆ ಅದು ಲಾಭ.

ಕಟ್‌ಗೆ ಬರುವವರು ಮೂರು ತಿಂಗಳಿಗೊಮ್ಮೆ ಬರುತ್ತಾರೆ, ಕೈ ಬದಲಾದರೂ ಹೊಂದಿಕೊಳ್ಳುತ್ತಾರೆ. ನಿಮ್ಮ ಅಂಗಡಿಯ ಬಾಡಿಗೆ ಕಟ್ಟುವುದು ಆ 45 ಜನ ಕಲರ್‌ನವರು. ಬಣ್ಣ ಒಂದು ಸಲ ಕೆಂಪಗಾದರೂ ಅವರು ತಿರುಗಿ ಬರುವುದಿಲ್ಲ. ಅವರನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸಲು ಎರಡು ಭೇಟಿ ಬೇಕು. ಮೊದಲ ಸಲ ನಿಮ್ಮ ಹುಡುಗಿ ಬಣ್ಣ ಹಚ್ಚುತ್ತಾಳೆ, ಅವಳ ಜಾಗಕ್ಕೆ ನೀವು ಆರಿಸಿದ ಎರಡನೆಯವಳು ಪಕ್ಕದಲ್ಲಿ ನಿಂತು ಬಟ್ಟಲು ಹಿಡಿಯುತ್ತಾಳೆ, ತಲೆ ತೊಳೆಯುತ್ತಾಳೆ. ಮುಂದಿನ ಸಲ ಎರಡನೆಯವಳು ಹಚ್ಚುತ್ತಾಳೆ, ನಿಮ್ಮ ಹುಡುಗಿ ಪಕ್ಕದಲ್ಲಿ ಸ್ಟೂಲ್ ಮೇಲೆ ಕೂತು ನೋಡುತ್ತಾಳೆ. ಮೂರನೇ ಸಲಕ್ಕೆ ಗಿರಾಕಿಯೇ ಎರಡನೆಯವಳ ಹೆಸರು ಹೇಳಿ ಬುಕ್ ಮಾಡುತ್ತಾರೆ.

ಐದು ವಾರಕ್ಕೊಮ್ಮೆ ಬರುವವರಿಗೆ ಎರಡು ಭೇಟಿ ಅಂದರೆ ಹತ್ತು ವಾರ. ನವೆಂಬರ್ 15ರಿಂದ ಹತ್ತು ವಾರ ಹಿಂದಕ್ಕೆ ಬಂದರೆ ಸೆಪ್ಟೆಂಬರ್ ಮೊದಲ ವಾರ. ಅಂದರೆ ನಿಮಗೆ ಉಳಿದಿರುವುದು ಎರಡೇ ವಾರ. 45 ಜನಕ್ಕೆ ಎರಡೆರಡು ಅಂದರೆ 90 ಸಲ, ವಾರಕ್ಕೆ ಒಂಬತ್ತು. ಎರಡನೆಯವಳ ಕಾಲಮ್‌ನಲ್ಲಿ ಪ್ರತಿ ಸಲಕ್ಕೆ ಅರ್ಧ ಗಂಟೆ ಖಾಲಿ ಇಡಿ. ವಾರಕ್ಕೆ ನಾಲ್ಕೂವರೆ ಗಂಟೆ. ಅಷ್ಟು ನಷ್ಟ ತಡೆದುಕೊಳ್ಳಬಹುದು.

ದೃಷ್ಟಿ ವಿಷಯಕ್ಕೂ ಇದು ಅಡ್ಡ ಬರುವುದಿಲ್ಲ. ಕಾರಣ ಹೇಳಲೇಬೇಕಿಲ್ಲ. "ಇನ್ನು ಮೇಲೆ ನಿಮ್ಮನ್ನು ಇಬ್ಬರು ನೋಡಿಕೊಳ್ಳುತ್ತೇವೆ, ಒಬ್ಬರಿಲ್ಲದಿದ್ದರೆ ಇನ್ನೊಬ್ಬರು" ಅಂದರೆ ಸಾಕು. ಅದು ಸುಳ್ಳೂ ಅಲ್ಲ.

ಬಾಚಣಿಗೆ_ದಾವಣಗೆರೆ
ಆಗಸ್ಟ್ 17

ಅಕ್ಕಾ, ನಾನು ಜನವರಿಯಲ್ಲಿ ಶುರು ಮಾಡಿದರಾಯಿತು ಅಂದುಕೊಂಡಿದ್ದೆ! ಇನ್ನೊಂದು ಸಂಶಯ. ಅವಳು ಬಣ್ಣದ ಅಳತೆಗಳನ್ನು ಎಲ್ಲೂ ಬರೆದಿಟ್ಟಿಲ್ಲ. ಎಲ್ಲಾ ತಲೆಯಲ್ಲೇ ಇದೆ.

ಕತ್ತರಿ_ದುರ್ಗ
ಆಗಸ್ಟ್ 17

ಎಲ್ಲ ಅಂಗಡಿಯಲ್ಲೂ ಹಾಗೇ. ಗಿರಾಕಿಗೊಂದು ಕಾರ್ಡ್ ಮಾಡಿಸಿ. "ಬ್ರೌನ್" ಅಂತ ಬರೆದರೆ ಉಪಯೋಗವಿಲ್ಲ. ಯಾವ ಕಂಪನಿ, ಯಾವ ನಂಬರ್ ಶೇಡ್, ಎಷ್ಟು ಗ್ರಾಮ್, ಡೆವಲಪರ್ ಎಷ್ಟು ವಾಲ್ಯೂಮ್, ಎಷ್ಟು ನಿಮಿಷ, ಎಲ್ಲಿಂದ ಶುರು. ಅಲರ್ಜಿ ಇದ್ದರೆ ಮೇಲುಗಡೆ ಕೆಂಪು ಇಂಕಿನಲ್ಲಿ. ಅವಳು ಕಲಸುವಾಗ ಎರಡನೆಯವಳು ಬರೆದುಕೊಳ್ಳಲಿ. ಅಂದಾಜಿಗೆ ಹಿಂಡುವ ಅಭ್ಯಾಸ ಇದ್ದರೆ ಸಣ್ಣ ತಕ್ಕಡಿ ಇಡಿ. ಕೈ ಅಂದಾಜನ್ನು ಇನ್ನೊಬ್ಬರಿಗೆ ಕೊಡಲು ಆಗುವುದಿಲ್ಲ, ಗ್ರಾಮ್ ಕೊಡಬಹುದು.

ಇನ್ನು ಶಿಫ್ಟ್. ಪುಸ್ತಕದಲ್ಲಿ ಎಲ್ಲಕ್ಕಿಂತ ಮೊದಲು ಅವಳ ಆಸ್ಪತ್ರೆ ದಿನಗಳನ್ನು ಗೆರೆ ಹೊಡೆದು ಮುಚ್ಚಿ. ಏಳನೇ ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ, ಕೊನೆ ತಿಂಗಳು ವಾರ ವಾರ ಕರೆಯುತ್ತಾರೆ. ಆದಷ್ಟೂ ಮಂಗಳವಾರಕ್ಕೆ ಕೇಳಿಕೊಳ್ಳಲಿ. ಮಂಗಳವಾರ ಹೇಗೂ ನಮ್ಮ ಕಡೆ ಕೂದಲು ಕತ್ತರಿಸಿಕೊಳ್ಳಲು ಜನ ಬರುವುದಿಲ್ಲ.

ಅಕ್ಟೋಬರ್‌ನಿಂದ ಹತ್ತರಿಂದ ನಾಲ್ಕೂವರೆ. ನಿಂತು ಮಾಡುವ ದೊಡ್ಡ ಕೆಲಸ ಮಧ್ಯಾಹ್ನದ ಊಟಕ್ಕೆ ಮುಂಚೆ ಒಂದೇ. ಪ್ರತಿ ಗಿರಾಕಿ ನಡುವೆ ಹದಿನೈದು ನಿಮಿಷ ಖಾಲಿ, ಕಾಲು ಮೇಲೆ ಇಟ್ಟು ಕೂರಲು. ಆ ಹದಿನೈದು ನಿಮಿಷಕ್ಕೆ ರಿಸೆಪ್ಷನ್ ಹುಡುಗಿ ಥ್ರೆಡ್ಡಿಂಗ್ ತುರುಕುತ್ತಾಳೆ, ನೋಡುತ್ತಿರಿ. ಪೆನ್ಸಿಲ್‌ನಲ್ಲಿ ಬರೆದರೆ ಅಳಿಸುತ್ತಾರೆ. ಪೆನ್ನಿನಲ್ಲಿ ಅಡ್ಡಗೆರೆ ಹಾಕಿ. ಅವಳ ಪಾದ ಸಂಜೆಗೆ ಊದಿಕೊಂಡಿದೆಯಾ, ಚಪ್ಪಲಿ ಪಟ್ಟಿಯ ಗುರುತು ಚರ್ಮದ ಮೇಲೆ ಬಿದ್ದಿದೆಯಾ ನೋಡಿ. ಬಿದ್ದಿದ್ದರೆ ಶಿಫ್ಟ್ ಇನ್ನೂ ಜಾಸ್ತಿ ಇದೆ ಅಂತ ಅರ್ಥ. ಒಂದೇ ಸಲ ಜಾಸ್ತಿ ಊದಿ, ತಲೆನೋವೂ ಇದೆ ಅಂದರೆ ಮನೆಗಲ್ಲ, ನೇರ ಆಸ್ಪತ್ರೆಗೆ ಕಳಿಸಿ.

ಲೆಕ್ಕದ_ಪುಸ್ತಕ
ಆಗಸ್ಟ್ 17

ಅಕ್ಕನ ಮಾತಿಗೆ ಒಂದು ಸೇರಿಸುತ್ತೇನೆ. ಹೆರಿಗೆಗೆ ಆರು ವಾರ ಇರುವುದಕ್ಕಿಂತ ಹಿಂದಿನ ಒಂದು ತಿಂಗಳಲ್ಲಿ, ಅವಳು ಕೇಳಿಕೊಂಡರೆ, ತುಂಬಾ ಹೊತ್ತು ನಿಂತು ಮಾಡುವ ಕೆಲಸ ಕೊಡುವ ಹಾಗಿಲ್ಲ. ಅದು ಕಾನೂನಿನಲ್ಲೇ ಇದೆ. ನಿಮ್ಮ ಲೆಕ್ಕಕ್ಕೆ ಅದು ನವೆಂಬರ್ 30ರಿಂದ ಡಿಸೆಂಬರ್ 30. ಅಂದರೆ ಡಿಸೆಂಬರ್ 15ರವರೆಗೆ ಬಂದರೂ ಕೊನೆ ಎರಡು ವಾರ ಕುರ್ಚಿ ಹಿಂದೆ ಇಡಬೇಡಿ. ಕೂತು ಕಾರ್ಡ್ ತಿದ್ದಲಿ, ಬರುವವರಿಗೆ ಸಲಹೆ ಕೊಡಲಿ.

ನವೆಂಬರ್ 15ಕ್ಕೇ ಹೊಸದುರ್ಗಕ್ಕೆ ಹೋದರೆ, ಡಿಸೆಂಬರ್ 16ರವರೆಗಿನ ಒಂದು ತಿಂಗಳು ಈ 26 ವಾರದಲ್ಲಿ ಬರುವುದಿಲ್ಲ. ಅದಕ್ಕೆ ಸಂಬಳ ಕೊಡುತ್ತೀರೋ ಇಲ್ಲವೋ, ಅದು ನಿಮ್ಮಿಬ್ಬರ ಮಾತು. ಈಗಲೇ ಆಡಿಕೊಳ್ಳಿ.

ಹಳೇಪೇಟೆ_ಹುಡುಗ
ಆಗಸ್ಟ್ 18

ಮದುಮಗಳದ್ದು ಯಾರೂ ಹೇಳಲಿಲ್ಲ. ನಮ್ಮ ಅಕ್ಕನ ಮದುವೆಯಲ್ಲಿ ಮೊಗ್ಗಿನ ಜಡೆ ಮಾಡುವವಳು ಬೆಳಗ್ಗೆ ಬರಲೇ ಇಲ್ಲ. ಮುಹೂರ್ತ ಹತ್ತಿರ ಬಂತು, ಅಮ್ಮ ಅಳುತ್ತಾ ನಿಂತಿದ್ದರು. ಬೇರೆ ಏನೇ ಆದರೂ ಅದು ಆಗಬಾರದು.

ಕತ್ತರಿ_ದುರ್ಗ
ಆಗಸ್ಟ್ 18

ಈ ಮಾತು ನೂರಕ್ಕೆ ನೂರು ಸರಿ ತಮ್ಮಾ.

ಮಾರ್ಚ್, ಏಪ್ರಿಲ್‌ನ ಮೂವರಿಗೆ ಈ ವಾರವೇ ಫೋನ್ ಮಾಡಿ. ಅವರಿಗೆ ಮಾತ್ರ, ಅವಳ ಒಪ್ಪಿಗೆ ಕೇಳಿಕೊಂಡು, "ಆ ತಿಂಗಳು ಅವಳು ಊರಲ್ಲಿರುವುದಿಲ್ಲ" ಅಂತ ಹೇಳಿ. ಎರಡನೆಯವಳ ಕೈಯಲ್ಲಿ ಟ್ರಯಲ್ ಜಡೆ ದುಡ್ಡಿಲ್ಲದೆ ಮಾಡಿ ತೋರಿಸುತ್ತೇವೆ, ಒಪ್ಪಿಗೆ ಆಗದಿದ್ದರೆ ಅಡ್ವಾನ್ಸ್ ಪೂರ್ತಿ ವಾಪಸ್ ಅನ್ನಿ. ಏಳು ತಿಂಗಳು ಮುಂಚೆ ಹೇಳಿದರೆ ಯಾರೂ ಬೈಯುವುದಿಲ್ಲ. ನವೆಂಬರ್‌ನ ನಾಲ್ವರನ್ನು ಅವಳಿಗೇ ಬಿಡುವ ಆಸೆ ನಿಮಗಿರಬಹುದು, ಅವಳಿಗೂ ಇರಬಹುದು. ಬೇಡ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕಲ್ಯಾಣ ಮಂಟಪದಲ್ಲಿ ಬಗ್ಗಿ ನಿಂತು ಎರಡು ಗಂಟೆ ಜಡೆ ಹೆಣೆಯುವುದು ಏಳನೇ ತಿಂಗಳಲ್ಲಿ ಆಗುವ ಕೆಲಸ ಅಲ್ಲ. ಪುಸ್ತಕದಲ್ಲಿ ಎರಡನೆಯವಳ ಹೆಸರು ಬರೆಯಿರಿ. ನಿಮ್ಮ ಹುಡುಗಿ ಬರುವ ಹಾಗಿದ್ದರೆ ಪಕ್ಕದಲ್ಲಿ ಕೂತು ಹೇಳಿಕೊಡಲಿ.

ನಿಮ್ಮ ಅದೃಷ್ಟಕ್ಕೆ ಅವಳ ರಜೆ ಧನುರ್ಮಾಸದಲ್ಲಿ ಶುರುವಾಗುತ್ತದೆ. ಸಂಕ್ರಾಂತಿವರೆಗೆ ಮದುವೆ ಇರುವುದಿಲ್ಲ. ಎರಡನೆಯವಳು ಒಬ್ಬಳೇ ನಿಂತು ರೂಢಿ ಮಾಡಿಕೊಳ್ಳಲು ಒಂದು ತಿಂಗಳು ಸಿಕ್ಕಿತು.

ನಿಟ್ಟುವಳ್ಳಿ_ಅಮ್ಮ
ಆಗಸ್ಟ್ 18

ಅಕ್ಕಾ, ವಾಪಸ್ ಬರುವ ಪುಟ?

ಕತ್ತರಿ_ದುರ್ಗ
ಆಗಸ್ಟ್ 18

ಮರೆತಿಲ್ಲ. ಜೂನ್ 16ರಿಂದ ಅವಳ ಹೆಸರಿನ ಕಾಲಮ್ ಪುಸ್ತಕದಲ್ಲಿ ಇರಬೇಕು. ರಜೆಯಲ್ಲಿ ಇರುವಾಗಲೂ ಕಾಲಮ್ ತೆಗೆಯಬೇಡಿ, ಖಾಲಿ ಬಿಡಿ. ಮೊದಲ ಎರಡು ವಾರ ಹನ್ನೊಂದರಿಂದ ನಾಲ್ಕು, ವಾರಕ್ಕೆ ನಾಲ್ಕು ದಿನ, ದಿನಕ್ಕೆ ಮೂರೇ ಗಿರಾಕಿ. ಮೊದಲ ವಾರಕ್ಕೆ ಹಳೆ ಗಿರಾಕಿಗಳನ್ನು ಗುಡ್ಡೆ ಹಾಕಬೇಡಿ. ಮಗುವಿಗೆ ಜ್ವರ ಬಂದರೆ ಎಲ್ಲರಿಗೂ ಒಂದೇ ದಿನ ಫೋನ್ ಮಾಡಬೇಕಾಗುತ್ತೆ. ಮೂರನೇ ವಾರದಿಂದ ಒಬ್ಬೊಬ್ಬರನ್ನೇ ಸೇರಿಸಿ. ಮಗುವಿಗೆ ಹದಿನೈದು ತಿಂಗಳು ಆಗುವವರೆಗೆ ದಿನಕ್ಕೆ ಎರಡು ಸಲ ಹಾಲು ಕೊಡುವ ಬಿಡುವು ಕೊಡಬೇಕು. ಅದನ್ನೂ ಪೆನ್ನಿನಲ್ಲೇ ಬರೆಯಿರಿ. ಬಾಗಿಲು ಹಾಕಿಕೊಳ್ಳುವ ಒಂದು ಮೂಲೆ, ಒಂದು ಕುರ್ಚಿ ಇರಲಿ.

ನನಗೂ ಇವತ್ತಿನವರೆಗೆ ಬಗೆಹರಿಯದ ವಿಷಯ ಒಂದಿದೆ. ಆರು ತಿಂಗಳು ಕಷ್ಟಪಟ್ಟ ಎರಡನೆಯವಳು ಆ ಗಿರಾಕಿಗಳನ್ನು ಯಾಕೆ ಬಿಟ್ಟುಕೊಡಬೇಕು? ನಾನು ಗಿರಾಕಿಗೆ ಇಷ್ಟ ಬಂದವರ ಹತ್ತಿರ ಹೋಗಲಿ ಅಂತ ಬಿಟ್ಟೆ. ವಾಪಸ್ ಬಂದವಳಿಗೆ ಮೂರು ತಿಂಗಳು ಹಳೆ ಇನ್ಸೆಂಟಿವ್‌ನಷ್ಟೇ ಗ್ಯಾರಂಟಿ ಕೊಟ್ಟೆ. ಆದರೂ ಇಬ್ಬರ ನಡುವೆ ಸ್ವಲ್ಪ ದಿನ ಮಾತು ನಿಂತಿತ್ತು.

ನಿಟ್ಟುವಳ್ಳಿ_ಅಮ್ಮ
ಆಗಸ್ಟ್ 18

ಗ್ಯಾರಂಟಿ ಸರಿ. ಆದರೆ ಗಿರಾಕಿಗೆ ಬಿಡುವುದು ಸರಿ ಅನ್ನಿಸುವುದಿಲ್ಲ. ಗಿರಾಕಿ ರೂಢಿಯಾದವರ ಹತ್ತಿರವೇ ಕೂರುತ್ತಾರೆ. ಆಗ ಬಾಣಂತನ ಮುಗಿಸಿ ಬಂದವಳಿಗೇ ನಷ್ಟ. ಮೊದಲ ಭೇಟಿಯಾದರೂ ಹಳಬಳ ಹತ್ತಿರ ಬುಕ್ ಮಾಡಬೇಕು.

ಬಾಚಣಿಗೆ_ದಾವಣಗೆರೆ
ಅಕ್ಟೋಬರ್ 9

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಸೆಪ್ಟೆಂಬರ್ 3ಕ್ಕೆ ಶುರು ಮಾಡಿದೆವು. 45ರಲ್ಲಿ 41 ಜನರ ಮೊದಲ ಭೇಟಿ ಮುಗಿದಿದೆ. ಇಬ್ಬರು ಮಾತ್ರ ಎರಡನೆಯವಳು ಹತ್ತಿರ ಬರುವುದೇ ಬೇಡ ಅಂದರು. ಅವರನ್ನು ನಾನೇ ನೋಡಿಕೊಳ್ಳುತ್ತೇನೆ. ಮದುಮಗಳು ಮೂವರಲ್ಲಿ ಒಬ್ಬರು ಅಡ್ವಾನ್ಸ್ ವಾಪಸ್ ತೆಗೆದುಕೊಂಡರು, ಇಬ್ಬರು ಟ್ರಯಲ್ ನೋಡಿ ಒಪ್ಪಿದರು. 850ರ ಕಾಗದಕ್ಕೆ ಸಹಿ ಆಗಿದೆ. ಅತ್ತೆ ಇನ್ನೂ ಕುಬಸದ ಮರುದಿನವೇ ಹೋಗಬೇಕು ಅನ್ನುತ್ತಿದ್ದಾರೆ. ಆ ಒಂದು ತಿಂಗಳಿಗೆ ಫಿಕ್ಸೆಡ್ ಸಂಬಳದಲ್ಲಿ ಅರ್ಧ ಕೊಡುತ್ತೇನೆ ಅಂದಿದ್ದೇನೆ. ನನ್ನ ಕೈಲಾಗುವುದು ಅಷ್ಟು. ವಾಪಸ್ ಬಂದ ಮೇಲೆ ಗಿರಾಕಿ ಯಾರಿಗೆ ಅನ್ನುವುದು ಮಾತ್ರ ನಮ್ಮಲ್ಲೂ ಬಗೆಹರಿದಿಲ್ಲ. ನಿಟ್ಟುವಳ್ಳಿಯವರು ಹೇಳಿದ್ದನ್ನು ಇಬ್ಬರನ್ನೂ ಕೂರಿಸಿ ಓದಿದೆ. ಎರಡನೆಯವಳು ಸುಮ್ನೆ ಕೇಳಿಸಿಕೊಂಡಳು, ಏನೂ ಹೇಳಲಿಲ್ಲ.

ನಿನ್ನೆ ನಮ್ಮ ಹಳೆಯ ಗಿರಾಕಿ, ರಿಟೈರ್ ಆದ ಟೀಚರ್ ಬಂದಿದ್ದರು. ಎರಡನೇ ಭೇಟಿ. ಎರಡನೆಯವಳು ಕಾರ್ಡ್ ನೋಡಿಕೊಂಡು ಕಲಸಿದಳು. 4 ನಂಬರ್ 20 ಗ್ರಾಮ್, 5 ನಂಬರ್ 10 ಗ್ರಾಮ್, 20 ವಾಲ್ಯೂಮ್, 35 ನಿಮಿಷ. ಕೆಳಗಡೆ ನಮ್ಮ ಹುಡುಗಿಯ ಅಕ್ಷರದಲ್ಲಿ ಹೀಗಿತ್ತು: "ಕಿವಿ ಹತ್ತಿರ ಮೊದಲು ಹಚ್ಚು, ಅಲ್ಲಿ ಬಣ್ಣ ತಡವಾಗಿ ಹಿಡಿಯುತ್ತೆ. ಕುತ್ತಿಗೆ ನೋವಿದೆ, ತೊಳೆಯುವಾಗ ಟವೆಲ್ ಮಡಚಿ ಇಡು." ಅವಳು ಸ್ಟೂಲ್ ಮೇಲೆ ಕೂತು ನೋಡುತ್ತಿದ್ದಳು. ತಲೆ ತೊಳೆದು ಒಣಗಿಸಿದ ಮೇಲೆ ಟೀಚರ್ ಕನ್ನಡಿಯಲ್ಲಿ ಕಿವಿ ಹತ್ತಿರ ಕೂದಲು ಸರಿಸಿ ನೋಡಿಕೊಂಡರು. ಮುಂದಿನ ತಾರೀಕು ನವೆಂಬರ್ 12 ಬರೆಸಿದರು. ಯಾರ ಹತ್ತಿರ ಅಂತ ರಿಸೆಪ್ಷನ್ ಹುಡುಗಿ ಕೇಳಿದಾಗ, "ಇಬ್ಬರಲ್ಲಿ ಯಾರಾದರೂ ಸರಿ" ಅಂದರು.

ಹೊರಡುವಾಗ ಬಾಗಿಲ ಹತ್ತಿರ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದರು: "ಆ ಹುಡುಗಿಗೆ ಎಷ್ಟನೇ ತಿಂಗಳಮ್ಮ?"